ಆರು ತಿಂಗಳು ಮೂತ್ರವೇ ಮಾಡದ ಮೀನು

ಮಾರ್ಚ್ ತಿಂಗಳು. ದೊಡ್ಡಬಳ್ಳಾಪುರ ರಸ್ತೆ ಕಡೆಯ ನಮ್ಮ ಸೈಟಿನಲ್ಲಿ ನೀರಿನ ಸಂಪ್ ಕಟ್ಟಿಸಲು ಗುಂಡಿ ತೋಡಿಸುತ್ತಿದ್ದೆ. ಮೇಲಿನ ಮಣ್ಣು ಒಣಗಿ ಇಟ್ಟಿಗೆಯಂತಾಗಿತ್ತು. ಎರಡೂವರೆ ಅಡಿ ಇಳಿದ ಮೇಲೆ ಸ್ವಲ್ಪ ತಣ್ಣನೆಯ, ಕೆಂಪು ಮಣ್ಣು ಸಿಕ್ಕಿತು. ಗುಂಡಿಯಲ್ಲಿದ್ದ ರಾಯಚೂರಿನ ಮೇಸ್ತ್ರಿ ಪಿಕಾಸಿ ನಿಲ್ಲಿಸಿ, "ಸರ, ಇಲ್ಲಿ ನೋಡ್ರಿ" ಎಂದರು. ಅವರ ಕೈಯಲ್ಲಿ ನಿಂಬೆಹಣ್ಣಿನ ಗಾತ್ರದ ಮಣ್ಣಿನ ಹೆಂಟೆ ಇತ್ತು. ಹೆಬ್ಬೆರಳಿನಿಂದ ಮಣ್ಣು ಒರೆಸಿದರೆ ಎರಡು ಕಣ್ಣು ಕಂಡವು.

ಅದು ಕಪ್ಪೆ. ಗುಂಡಗೆ, ಗಿಡ್ಡ ಕಾಲು, ಮೊಂಡು ಮೂತಿ. ನಾನು ಅಂಗೈ ಮೇಲೆ ಇಟ್ಟುಕೊಂಡೆ. ಅದು ಮೈ ಉಬ್ಬಿಸಿತು, ಆಮೇಲೆ ಅಂಗೈ ತುಂಬ ತಣ್ಣನೆಯ ನೀರು ಬಿಟ್ಟಿತು. "ಥೂ, ಮೂತ್ರ ಮಾಡಿಬಿಡ್ತು" ಎಂದು ಕೈ ಕೊಡವಿದೆ. ಮೇಸ್ತ್ರಿ ನಕ್ಕು, "ಮಲಗಿತ್ರಿ ಅದು, ಎಬ್ಬಿಸಿಬಿಟ್ರಿ" ಎಂದರು.

ನಾನು ಕೊಡವಿದ ಆ ನೀರು ಏನು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ. ಅದು ಆ ಕಪ್ಪೆಯ ಬೇಸಿಗೆಯ ನೀರಿನ ಟ್ಯಾಂಕ್. ಮುಂಗಾರಿನವರೆಗೆ ಬೇಕಾಗಿದ್ದ ನೀರನ್ನು ನಾನು ಒಂದೇ ಕ್ಷಣದಲ್ಲಿ ಚೆಲ್ಲಿಸಿದ್ದೆ. ಅದರ ಬಗ್ಗೆ ಓದುತ್ತಾ ಹೋದವನು ಆಫ್ರಿಕಾದ ಒಂದು ಮೀನಿನ ಹತ್ತಿರ ಹೋಗಿ ನಿಂತೆ. ಕಪ್ಪೆಗೆ ಟ್ಯಾಂಕ್ ಆದರೂ ಇದೆ, ಆ ಮೀನಿಗೆ ಅದೂ ಇಲ್ಲ.

ಚಳಿಗಾಲದಲ್ಲಿ ಕರಡಿ ಮಲಗುವುದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ, ನೀರಿಲ್ಲದ ದಿನಗಳಲ್ಲಿ ಪ್ರಾಣಿಗಳು ಹೀಗೆ ತಟಸ್ಥವಾಗಿ ಬಿದ್ದಿರುವುದಕ್ಕೆ ಗ್ರೀಷ್ಮನಿದ್ರೆ ಎನ್ನುತ್ತಾರೆ. ಬೇಸಿಗೆ ನಿದ್ದೆ ಅಂದರೂ ಆಯಿತು. ಹೆಸರಲ್ಲಿ ನಿದ್ದೆ ಇದ್ದರೂ ಅದು ನಾವು ರಾತ್ರಿ ಮಾಡುವ ನಿದ್ದೆಯಲ್ಲ. ನಾವು ಎಂಟು ಗಂಟೆ ಮಲಗಿ ಎದ್ದರೆ ಮೊದಲು ಓಡುವುದು ಎಲ್ಲಿಗೆ? ಬಚ್ಚಲಿಗೆ. ಮಲಗಿದ್ದಾಗಲೂ ನಮ್ಮ ಕಿಡ್ನಿ ಕೆಲಸ ಮಾಡುತ್ತಲೇ ಇರುತ್ತದೆ. ಆರು ತಿಂಗಳು ಮಣ್ಣಿನೊಳಗೆ ಬಿದ್ದಿರುವ ಪ್ರಾಣಿಗೆ ಈ ಸೌಕರ್ಯ ಇಲ್ಲ. ಇಂಥ ಪ್ರಾಣಿಯ ವಿಷಯ ಬಂದಾಗ ಎಲ್ಲರೂ ಕೇಳುವುದು "ಊಟಕ್ಕೆ ಏನು ಮಾಡುತ್ತೆ, ಉಸಿರಾಟಕ್ಕೆ ಏನು ಮಾಡುತ್ತೆ" ಅಂತ. ಅವೆರಡೂ ಅಷ್ಟೇನೂ ಕಷ್ಟದ ಪ್ರಶ್ನೆಗಳಲ್ಲ. ಕಷ್ಟ ಇರುವುದು ಕಸ ಎಲ್ಲಿ ಹಾಕಬೇಕು ಅನ್ನುವುದರಲ್ಲಿ.

ಮೀನಿನಿಂದ ಶುರು ಮಾಡೋಣ. ಇದರ ಹೆಸರು ಲಂಗ್‌ಫಿಶ್, ಅಂದರೆ ಶ್ವಾಸಕೋಶ ಇರುವ ಮೀನು. ಇವತ್ತು ಜಗತ್ತಿನಲ್ಲಿ ಉಳಿದಿರುವುದು ಆರೇ ಜಾತಿ. ನಾಲ್ಕು ಆಫ್ರಿಕಾದಲ್ಲಿ, ಒಂದು ದಕ್ಷಿಣ ಅಮೆರಿಕದಲ್ಲಿ, ಒಂದು ಆಸ್ಟ್ರೇಲಿಯಾದಲ್ಲಿ. ಆಸ್ಟ್ರೇಲಿಯಾದ್ದು ಬೇಸಿಗೆ ನಿದ್ದೆ ಮಾಡುವುದೇ ಇಲ್ಲ, ನೀರು ಬತ್ತಿದರೆ ಸಾಯುತ್ತದೆ. ಆದ್ದರಿಂದ "ಲಂಗ್‌ಫಿಶ್ ಅಂದರೆ ಮಣ್ಣಲ್ಲಿ ಮಲಗುವ ಮೀನು" ಅನ್ನುವುದು ಪೂರ್ತಿ ನಿಜವಲ್ಲ. ದಕ್ಷಿಣ ಅಮೆರಿಕದ್ದು ಬಿಲದಲ್ಲಿ ಕೂರುತ್ತದೆ, ಆದರೆ ಮೈ ಸುತ್ತ ಗೂಡು ಕಟ್ಟಿಕೊಳ್ಳುವುದಿಲ್ಲ. ಗೂಡು ಕಟ್ಟುವ ಕಲೆ ಇರುವುದು ಆಫ್ರಿಕಾದವಕ್ಕೆ. ಭಾರತದಲ್ಲಿ ಈಗ ಒಂದೂ ಇಲ್ಲ. ಹಿಂದೆ ಇದ್ದವು. ಪಕ್ಕದ ತೆಲಂಗಾಣದ ಆದಿಲಾಬಾದ್ ಕಡೆಯ ಮಲೇರಿ ಕಲ್ಲುಗಳಲ್ಲಿ, ಡೈನೋಸಾರ್ ಕಾಲದ ಲಂಗ್‌ಫಿಶ್ ಹಲ್ಲುಗಳು ಸಿಕ್ಕಿವೆ.

ಆಫ್ರಿಕಾದ ಲಂಗ್‌ಫಿಶ್ ನೋಡಲು ಹಾವುಮೀನಿನಂತೆ ಉದ್ದಕ್ಕೆ, ನುಣ್ಣಗೆ ಇರುತ್ತದೆ. ರೆಕ್ಕೆಗಳ ಜಾಗದಲ್ಲಿ ದಾರದಂಥ ನಾಲ್ಕು ಎಳೆ ನೇತಾಡುತ್ತವೆ. ಕಿವಿರು ಇದೆ, ಆದರೆ ಕ್ಷೀಣ. ನೀರಿನಲ್ಲಿದ್ದಾಗಲೂ ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಬೆಳೆದ ಮೀನನ್ನು ಮೇಲೆ ಬರಲು ಬಿಡದೆ ನೀರಲ್ಲೇ ತಡೆದು ಹಿಡಿದರೆ ಅದು ಮುಳುಗಿ ಸಾಯುತ್ತದೆ. ನೀರಲ್ಲಿ ಮುಳುಗಿ ಸಾಯುವ ಮೀನು! ಉಸಿರಾಟದ ಪ್ರಶ್ನೆ ಸುಲಭ ಅಂದಿದ್ದು ಇದಕ್ಕೇ. ನೀರು ಬತ್ತುವ ಮೊದಲೇ ಅದು ಗಾಳಿಗೆ ಒಗ್ಗಿಕೊಂಡ ಜೀವಿ.

ಇದು ಇರುವ ಜಾಗಗಳು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಪೂರ್ತಿ ಒಣಗುವ ಜೌಗು, ಕುಂಟೆಗಳು. ನಮ್ಮ ಕೋಲಾರದ ಕಡೆಯ ಸಣ್ಣ ಕೆರೆಯೊಂದನ್ನು ನೆನಪಿಸಿಕೊಳ್ಳಿ. ಫೆಬ್ರವರಿಯಲ್ಲಿ ಅಂಗಳದಷ್ಟು ನೀರು, ಏಪ್ರಿಲ್ ಹೊತ್ತಿಗೆ ಬಿರುಕು ಬಿಟ್ಟ ಹೂಳು. ನೀರು ಕಡಿಮೆಯಾಗುತ್ತಿದ್ದಂತೆ ಮೀನು ತಲೆ ಕೆಳಗೆ ಮಾಡಿ ಕೆಸರನ್ನು ಕಚ್ಚುತ್ತದೆ. ಬಾಯಲ್ಲಿ ತುಂಬಿದ ಕೆಸರು ಕಿವಿರಿನ ಸಂದಿಯಿಂದ ಹೊರಗೆ ಹೋಗುತ್ತದೆ. ಕಚ್ಚುವುದು, ತಳ್ಳುವುದು, ಕಚ್ಚುವುದು, ತಳ್ಳುವುದು. ಹೀಗೆ ನೆಟ್ಟಗೆ ಒಂದು ಕೊಳವೆ ತೋಡುತ್ತದೆ. ಮೀನು ಎಷ್ಟು ದೊಡ್ಡದೋ ಬಿಲ ಅಷ್ಟು ಆಳ. ಕೊಳವೆಯ ತಳದಲ್ಲಿ ಮಾತ್ರ ಹೂಜಿಯ ಹೊಟ್ಟೆಯಂತೆ ಅಗಲ ಮಾಡಿ, ಅಲ್ಲಿ ತಿರುಗಿ ಮೂತಿ ಮೇಲಕ್ಕೆ ಮಾಡುತ್ತದೆ.

ಇನ್ನೂ ಮೇಲೆ ಸ್ವಲ್ಪ ನೀರಿದ್ದರೆ ಆ ಕೊಳವೆಯಲ್ಲೇ ಹತ್ತಿ ಬಂದು ಗಾಳಿ ನುಂಗಿ ಮತ್ತೆ ಇಳಿಯುತ್ತದೆ. ನೀರು ಪೂರ್ತಿ ಇಂಗಿದ ದಿನ ಇಳಿದದ್ದು ಮತ್ತೆ ಹತ್ತುವುದಿಲ್ಲ. ಮೈಯನ್ನು ಮಡಚಿ, ಬಾಲವನ್ನು ತಲೆಯ ಮೇಲೆ, ಕಣ್ಣು ಮುಚ್ಚುವಂತೆ ಹೊದ್ದುಕೊಳ್ಳುತ್ತದೆ. ಚಳಿಯಲ್ಲಿ ಬೀದಿನಾಯಿ ಬಾಲದಡಿ ಮೂತಿ ಇಟ್ಟು ಮಲಗುವುದಿಲ್ವಾ, ಹಾಗೆ. ಆಮೇಲೆ ಇಡೀ ಚರ್ಮದಿಂದ ಲೋಳೆ ಸುರಿಯಲು ಶುರುವಾಗುತ್ತದೆ. ಕೆಲವು ದಿನಗಳಲ್ಲಿ ಆ ಲೋಳೆ ಒಣಗಿ ಕಾಗದದಷ್ಟು ತೆಳುವಾದ ಕಂದು ಪೊರೆಯಾಗುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ನೋಡಿದವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಸುಲಭ. ಪೊರೆ ಮೀನಿನ ಮೈಗೆ ಎಲ್ಲ ಕಡೆ ಮುಚ್ಚಿಕೊಂಡಿರುತ್ತದೆ, ಒಂದೇ ಒಂದು ಜಾಗ ಬಿಟ್ಟು. ತುಟಿಗಳ ನಡುವೆ ಒಂದು ಸಣ್ಣ ಕೊಳವೆ ಬಾಯೊಳಕ್ಕೆ ಹೋಗಿರುತ್ತದೆ. ಉಸಿರು ಬರುವುದು, ಹೋಗುವುದು ಅಲ್ಲಿಂದಲೇ. ಬಿಲದ ಬಾಯಿಗೆ ಪುಡಿ ಮಣ್ಣಿನ ಮುಚ್ಚಳ. ಅದರ ಸಂದಿಗಳಿಂದ ಗಾಳಿ ಆಡುತ್ತದೆ.

ಈ ಪೊರೆ ಸತ್ತ ಲೋಳೆ, ಸುಮ್ನೆ ಒಂದು ಪ್ಲಾಸ್ಟಿಕ್ ಕವರ್ ಇದ್ದ ಹಾಗೆ ಎಂದು ತುಂಬ ಕಾಲ ಅಂದುಕೊಂಡಿದ್ದರು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಪೊರೆಯೊಳಗೆ ಮೀನಿನ ಬಿಳಿ ರಕ್ತಕಣಗಳು ಜೀವಂತವಾಗಿ ಇರುತ್ತವೆ. ಚರ್ಮದಿಂದ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತವೆ, ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬಲೆ ಬೀಸಿ ಹಿಡಿಯುತ್ತವೆ. ಬಲೆ ಅಂದರೆ ಮಾತಿಗೆ ಹೇಳಿದ್ದಲ್ಲ. ಆ ಕಣಗಳು ತಮ್ಮದೇ ಡಿಎನ್‌ಎ ಎಳೆಗಳನ್ನು ಹೊರಗೆ ಚೆಲ್ಲಿ ಬಲೆ ಮಾಡುತ್ತವೆ. ಆ ಬಲೆಯನ್ನು ಕರಗಿಸಿ ನೋಡಿದಾಗ ಮೀನಿನ ಚರ್ಮದಲ್ಲಿ ಸೋಂಕು, ರಕ್ತಸ್ರಾವ ಶುರುವಾಯಿತು. ಒದ್ದೆ ಕೆಸರಲ್ಲಿ ತಿಂಗಳುಗಟ್ಟಲೆ ಅಲುಗಾಡದೆ ಬಿದ್ದಿರುವ ಜೀವಕ್ಕೆ ಇದು ಎಷ್ಟು ಮುಖ್ಯ ಅಂತ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ಹೇಳಬೇಕಾಗಿಲ್ಲ.

ಈಗ ಕಸದ ವಿಷಯ.

ಊಟ ಇಲ್ಲದಿದ್ದಾಗ ಮೀನು ತನ್ನನ್ನೇ ತಿನ್ನುತ್ತದೆ. ಲಂಗ್‌ಫಿಶ್ ಹೆಚ್ಚಾಗಿ ಸುಡುವುದು ತನ್ನ ಮೈಯ ಪ್ರೋಟೀನನ್ನು, ಅಂದರೆ ಮಾಂಸವನ್ನು. ಕೊಬ್ಬು ಅಥವಾ ಸಕ್ಕರೆ ಸುಟ್ಟರೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್, ಎರಡೂ ತೊಂದರೆ ಕೊಡುವುದಿಲ್ಲ. ಪ್ರೋಟೀನ್ ಹಾಗಲ್ಲ. ಅದರಲ್ಲಿ ನೈಟ್ರೋಜನ್ ಇದೆ, ಸುಟ್ಟಾಗ ಅದು ಅಮೋನಿಯಾ ಆಗಿ ಹೊರಬರುತ್ತದೆ. ತೊಳೆಯದ ಬಸ್ ಸ್ಟ್ಯಾಂಡ್ ಶೌಚಾಲಯದಲ್ಲಿ ಮೂಗಿಗೆ ಹೊಡೆಯುವ ವಾಸನೆ ಅದೇ. ಅದು ವಿಷ, ಅದರಲ್ಲೂ ಮಿದುಳಿಗೆ. ಮನೆಯಲ್ಲಿ ಅಕ್ವೇರಿಯಂ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು. ನೀರು ಬದಲಾಯಿಸದೆ, ಮೀನು ಜಾಸ್ತಿ ತುಂಬಿಸಿದರೆ ಬೆಳಗ್ಗೆ ಎದ್ದಾಗ ಎಲ್ಲ ತೇಲುತ್ತಿರುತ್ತವೆ. ಸಾಮಾನ್ಯ ಮೀನು ಈ ಅಮೋನಿಯಾವನ್ನು ಕಿವಿರಿನಿಂದ ಹೊರಗೆ ಬಿಟ್ಟು ಕೈ ತೊಳೆದುಕೊಳ್ಳುತ್ತದೆ. ಸುತ್ತ ಇಡೀ ಕೆರೆಯ ನೀರಿದೆಯಲ್ಲ, ಕೊಂಡೊಯ್ಯುತ್ತದೆ. ನೀರಿನಲ್ಲಿರುವಾಗ ಲಂಗ್‌ಫಿಶ್ ಕೂಡ ಬಹುಪಾಲು ಹೀಗೇ ಮಾಡುತ್ತದೆ.

ಪೊರೆಯೊಳಗೆ ಸುತ್ತಿಕೊಂಡ ಮೇಲೆ ಆ ದಾರಿ ಬಂದ್. ಮೂತ್ರ ಮಾಡಿದರೂ ಕಷ್ಟ. ಮೂತ್ರ ಅಂದರೆ ನೀರು, ಅದಕ್ಕೆ ಈಗ ನೀರೇ ಬಂಗಾರ. ಹಾಗಾಗಿ ಮೀನು ಮೂತ್ರ ಮಾಡುವುದನ್ನೇ ನಿಲ್ಲಿಸುತ್ತದೆ.

ಇದನ್ನು ಮೊದಲು ಸರಿಯಾಗಿ ಅಳೆದವರು ಹೋಮರ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ. ಅವರು ಮೀನಿನ ತಜ್ಞರೇ ಅಲ್ಲ, ಕಿಡ್ನಿಯ ತಜ್ಞರು. ಕಿಡ್ನಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಿದ್ದ ಮನುಷ್ಯನಿಗೆ ಕಿಡ್ನಿಯನ್ನು ಆಫ್ ಮಾಡಿ ಬದುಕುವ ಪ್ರಾಣಿಗಿಂತ ಒಳ್ಳೆಯದು ಇನ್ನೇನು ಸಿಗಬೇಕು? ಆಫ್ರಿಕಾಕ್ಕೆ ಹೋಗಿ ಮೀನು ತಂದರು, ಅವನ್ನು ಕೆಸರಲ್ಲಿ ಮಲಗಿಸಿದರು, 1930ರಲ್ಲಿ ತಮ್ಮ ಲೆಕ್ಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಮಲಗಿದ ಮೀನಿನಲ್ಲಿ ಅಮೋನಿಯಾ ತುಂಬಿಕೊಳ್ಳಲಿಲ್ಲ, ಅದರ ಬದಲು ಯೂರಿಯಾ ತುಂಬಿಕೊಂಡಿತ್ತು. ಮೈಯ ತುಂಬ.

ಯೂರಿಯಾ ನಮಗೆ ಹೊಸದಲ್ಲ. ಹೊಲಕ್ಕೆ ಹಾಕುವ ಬಿಳಿ ಗೊಬ್ಬರ ಅದೇ. ಮೂಟೆಯ ಮೇಲೆ "46% ನೈಟ್ರೋಜನ್" ಎಂದು ಬರೆದಿರುತ್ತದಲ್ಲ, ಆ ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೀನಿನ ಲಿವರ್ ಎರಡು ಅಮೋನಿಯಾ ಅಣುಗಳನ್ನು ಒಂದು ಇಂಗಾಲದ ಡೈಆಕ್ಸೈಡ್ ಜೊತೆ ಕಟ್ಟಿ ಒಂದು ಯೂರಿಯಾ ಮಾಡುತ್ತದೆ. ನಮ್ಮ ಲಿವರ್ ಮಾಡುವುದೂ ಇದನ್ನೇ. ಯೂರಿಯಾ ಅಮೋನಿಯಾದಷ್ಟು ವಿಷವಲ್ಲ. ಡಬ್ಬಿಯಲ್ಲಿ ತುಂಬಿ ಅಟ್ಟದ ಮೇಲಿಡಬಹುದಾದ ಕಸ. ಆದರೆ ಕಟ್ಟುವುದಕ್ಕೆ ಶಕ್ತಿ ಖರ್ಚಾಗುತ್ತದೆ, ಅಟ್ಟದಲ್ಲಿ ಜಾಗವೂ ಬೇಕು.

ಎಷ್ಟು ಜಾಗ? ಒಂದು ಮೀನನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಇದು ಪ್ರಯೋಗದ ಅಂಕಿಯಲ್ಲ, ಹಿಂದಿನ ತತ್ವ ಅರ್ಥವಾಗಲಿ ಅಂತ ನಾನು ಹಾಕಿದ ಅಂದಾಜು. ಮೀನಿನ ತೂಕ 500 ಗ್ರಾಂ ಇರಲಿ. ಅದರಲ್ಲಿ ಸುಮಾರು 400 ಗ್ರಾಂ ನೀರು, 80 ಗ್ರಾಂ ಪ್ರೋಟೀನ್. ಎಚ್ಚರವಾಗಿದ್ದಾಗಿನ ವೇಗದಲ್ಲೇ ಉರಿದರೆ ಆರು ತಿಂಗಳಿಗೆ 100 ಗ್ರಾಂ ಪ್ರೋಟೀನ್ ಬೇಕು ಅಂತಿಟ್ಟುಕೊಳ್ಳಿ. ಅಲ್ಲಿಗೆ ಕಥೆ ಮುಗಿಯಿತು. ಮೀನು ತನ್ನನ್ನು ಪೂರ್ತಿ ತಿಂದು ಮುಗಿಸಿದರೂ ಸಾಲುವುದಿಲ್ಲ.

ಹಾಗಾಗಿ ಮೊದಲ ಕೆಲಸ ಯೂರಿಯಾ ಮಾಡುವುದಲ್ಲ, ಉರಿ ಕಡಿಮೆ ಮಾಡುವುದು. ಮಲಗಿದ ಮೀನು ಬಳಸುವ ಆಕ್ಸಿಜನ್ ವಾರಗಳು ಕಳೆದಂತೆ ನಿಧಾನವಾಗಿ ಇಳಿಯುತ್ತದೆ. ಕೊನೆಗೆ ಎಚ್ಚರವಾಗಿದ್ದಾಗಿನ ಶೇ. 10ರಿಂದ 20ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಲೆಯನ್ನು ಆರಿಸುವುದಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ಇಡುತ್ತದೆ. ನಮ್ಮ ಲೆಕ್ಕದ ಮೀನು ಹತ್ತನೇ ಒಂದು ಪಾಲಿಗೆ ಇಳಿಯಿತು ಅನ್ನಿ. ಆರು ತಿಂಗಳಿಗೆ 10 ಗ್ರಾಂ ಪ್ರೋಟೀನ್ ಸಾಕು. ಮೈಯಲ್ಲಿರುವುದು 80, ಖರ್ಚಾಗುವುದು 10. ತಡೆಯಬಹುದು.

ಆ 10 ಗ್ರಾಂ ಪ್ರೋಟೀನಿನಲ್ಲಿ ಶೇ. 16ರಷ್ಟು, ಅಂದರೆ 1.6 ಗ್ರಾಂ ನೈಟ್ರೋಜನ್ ಇರುತ್ತದೆ. ಗೊಬ್ಬರದ ಮೂಟೆಯ ಲೆಕ್ಕದಂತೆ ಅದೆಲ್ಲ ಯೂರಿಯಾ ಆದರೆ ಸುಮಾರು 3.5 ಗ್ರಾಂ. ಇದು 400 ಗ್ರಾಂ ನೀರಿನಲ್ಲಿ ಹರಡಿಕೊಂಡರೆ ಪ್ರತಿ 100 ಮಿಲಿಲೀಟರಿಗೆ 875 ಮಿಲಿಗ್ರಾಂ. ನಮ್ಮ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ "ಬ್ಲಡ್ ಯೂರಿಯಾ" ಎಂಬ ಸಾಲು ಇರುತ್ತದಲ್ಲ, ಅಲ್ಲಿ ಸಾಮಾನ್ಯ ಮಟ್ಟ 15ರಿಂದ 40. ಅದು 200 ದಾಟಿದರೆ ಡಾಕ್ಟರು ಡಯಾಲಿಸಿಸ್ ಮಾತೆತ್ತಬಹುದು. ಈ ಮೀನು 875 ಇಟ್ಟುಕೊಂಡು ಮಳೆ ಕಾಯುತ್ತಿದೆ. ನಿಜವಾದ ಮೀನುಗಳಲ್ಲಿ ಅಳೆದಾಗ ದೀರ್ಘ ನಿದ್ದೆಯ ನಂತರ ಇದಕ್ಕಿಂತಲೂ ಹೆಚ್ಚು ಸಿಕ್ಕಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಯೂರಿಯಾ ಮಾಡುವ ಶಕ್ತಿ ಜಾಸ್ತಿಯಾಗುವುದರಿಂದ ಮೀನು ಬದುಕುತ್ತದೆ ಎಂದು ಬಹಳ ಕಡೆ ಬರೆದಿರುತ್ತಾರೆ. ಅದು ಅರ್ಧ ಮಾತ್ರ. ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ಲಂಗ್‌ಫಿಶ್‌ಗಳನ್ನು ಕೆಸರೇ ಇಲ್ಲದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬರೀ ಗಾಳಿಯಲ್ಲಿ ಪೊರೆ ಕಟ್ಟುವಂತೆ ಮಾಡಿ ತಿಂಗಳುಗಟ್ಟಲೆ ಗಮನಿಸಿದರು. ಪೊರೆ ಕಟ್ಟುವ ಮೊದಲ ದಿನಗಳಲ್ಲಿ ಯೂರಿಯಾ ತಯಾರಿ ಜೋರಾಗಿ ನಡೆಯುತ್ತದೆ. ಪೊರೆ ಕಟ್ಟಿ ಆದ ಮೇಲೆ ಮೀನು ಪ್ರೋಟೀನ್ ಒಡೆಯುವುದನ್ನೇ ತಗ್ಗಿಸಿ, ಕಸ ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ಕಸ ಜಾಸ್ತಿ ಆಯಿತು ಅಂತ ದೊಡ್ಡ ಡಬ್ಬಿ ತರುವುದು ಒಂದು ದಾರಿ, ಕಸ ಮಾಡದಿರುವುದು ಇನ್ನೊಂದು. ಮೀನು ಎರಡನ್ನೂ ಮಾಡುತ್ತದೆ, ಒಂದಾದ ಮೇಲೆ ಒಂದು.

ಹೀಗೆ ಎಷ್ಟು ದಿನ? ಕುಂಟೆಗಳಲ್ಲಿ ಸಾಮಾನ್ಯವಾಗಿ ಒಂದು ಬೇಸಿಗೆ, ನಾಲ್ಕರಿಂದ ಆರು ತಿಂಗಳು. ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ತಡೆದುಕೊಂಡ ಮೀನುಗಳೂ ಇವೆ. ಆದರೆ ಎಲ್ಲ ಮೀನೂ ಏಳುವುದಿಲ್ಲ. ಸಣ್ಣವು, ಮಲಗುವ ಮೊದಲು ಸರಿಯಾಗಿ ತಿನ್ನದವು ಅರ್ಧಕ್ಕೇ ಮುಗಿಯುತ್ತವೆ. ಪೊರೆ ಎಲ್ಲಾದರೂ ಹರಿದರೆ ಮೈ ಒಣಗುತ್ತದೆ, ಸೋಂಕು ಹತ್ತುತ್ತದೆ. ಇನ್ನು ಮನುಷ್ಯರಂತೂ ಇದ್ದೇ ಇದ್ದಾರೆ. ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ ಒಣಗಿದ ಕುಂಟೆಯ ಮೇಲೆ ನಡೆದು ಬಿಲದ ಬಾಯಿಯ ಗುರುತು ಹುಡುಕುತ್ತಾರೆ, ಗುದ್ದಲಿಯಿಂದ ಅಗೆದು ತೆಗೆಯುತ್ತಾರೆ. ಬಲೆ, ಗಾಳ ಏನೂ ಬೇಡ, ಮೀನು ಹಿಡಿಯಲು ಹಾರೆ ಸಾಕು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನವರು ಹೀಗೆ ಅಗೆದ ಮಣ್ಣಿನ ಹೆಂಟೆಗಳನ್ನೇ ಹಡಗಿನಲ್ಲಿ ತರಿಸಿಕೊಂಡು, ನೀರಿಗೆ ಹಾಕಿ, ಮೀನು ಏಳುವುದನ್ನು ನೋಡುತ್ತಿದ್ದರು.

ಏಳುವ ಗಳಿಗೆಯೇ ಅಪಾಯದ್ದು. ಮಳೆ ನೀರು ಬಿಲಕ್ಕೆ ಇಳಿದಾಗ ಮೊದಲು ತುಂಬುವುದು ಬಾಯಿಯ ಆ ಸಣ್ಣ ಕೊಳವೆ. ಉಸಿರು ಕಟ್ಟುತ್ತದೆ. ಆ ಉಸಿರುಗಟ್ಟುವಿಕೆಯೇ ಅದಕ್ಕೆ ಅಲಾರಂ. ಮೆತ್ತಗಾದ ಪೊರೆಯನ್ನು ಹರಿದುಕೊಂಡು, ತಿಂಗಳುಗಟ್ಟಲೆ ಆಡಿಸದ ಮೈಯನ್ನು ಹೇಗೋ ಎಳೆದುಕೊಂಡು ಮೇಲೆ ಬಂದು ಒಂದು ಸಲ ಗಾಳಿ ನುಂಗಬೇಕು. ಆಗದಿದ್ದರೆ ಕಾದು ಕಾದು ಬಂದ ನೀರಿನಲ್ಲೇ ಸಾವು. ಗಾಳಿ ಸಿಕ್ಕಿದರೆ ಮುಂದಿನದು ಸಲೀಸು. ಮೈಯಲ್ಲಿ ತುಂಬಿರುವ ಯೂರಿಯಾ ನೀರನ್ನು ಒಳಗೆ ಎಳೆಯುತ್ತದೆ, ಸುಕ್ಕುಗಟ್ಟಿದ ಮೀನು ಊದಿಕೊಳ್ಳುತ್ತದೆ. ಕಿಡ್ನಿ ಮತ್ತೆ ಶುರುವಾಗುತ್ತದೆ. ಇಷ್ಟು ದಿನ ಕೂಡಿಟ್ಟದ್ದು ಹೊರಗೆ ಹೋಗುತ್ತದೆ. ಊಟದ ಕಡೆ ಅದು ತಿರುಗುವುದು ಇನ್ನೂ ಕೆಲವು ದಿನ ಬಿಟ್ಟು.

ಈಗ ನನ್ನ ಅಂಗೈ ಮೇಲಿದ್ದ ಕಪ್ಪೆಗೆ ಬರುತ್ತೇನೆ.

ಕಪ್ಪೆಯ ಸಮಸ್ಯೆಯೂ ಅದೇ, ಪರಿಹಾರ ಬೇರೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ, ಅದರಲ್ಲೂ ಹೊಟ್ಟೆಯ ಕೆಳಭಾಗದ ತೆಳು ಚರ್ಮದಿಂದ. ಹೀರುವ ಚರ್ಮ ಅಂದರೆ ಬಿಡುವ ಚರ್ಮವೂ ಹೌದು. ಬಿಸಿಲಲ್ಲಿಟ್ಟರೆ ಒಗೆದ ಬಟ್ಟೆಯಂತೆ ಒಣಗುತ್ತದೆ. ಅದಕ್ಕೇ ಅದು ಒಳ್ಳೆಯ ಮಳೆಯ ದಿನಗಳಲ್ಲಿ ಮೂತ್ರಚೀಲದ ತುಂಬ ತೆಳುವಾದ ಮೂತ್ರ ತುಂಬಿಕೊಂಡು ನೆಲದೊಳಗೆ ಇಳಿಯುತ್ತದೆ. ಅದು ಬಹುಪಾಲು ನೀರೇ. ಕೆಲವು ಜಾತಿಗಳಲ್ಲಿ ಅದು ಮೈತೂಕದ ಶೇ. 30ರಷ್ಟಿರುತ್ತದೆ. 60 ಕೆಜಿಯ ಮನುಷ್ಯ 18 ಲೀಟರ್ ಹೊತ್ತುಕೊಂಡ ಲೆಕ್ಕ, ಒಂದು ದೊಡ್ಡ ನೀರಿನ ಕ್ಯಾನ್. ನಮ್ಮ ಮೂತ್ರಚೀಲದಿಂದ ನೀರು ಹೊರಗೆ ಮಾತ್ರ ಹೋಗುತ್ತದೆ. ಕಪ್ಪೆಯದು ಹಾಗಲ್ಲ, ಅದರ ಗೋಡೆಯಿಂದ ನೀರು ವಾಪಸ್ ರಕ್ತಕ್ಕೆ ಬರುತ್ತದೆ. ತಿಂಗಳಿಂದ ತಿಂಗಳಿಗೆ ಒಂದೊಂದು ಗುಟುಕು. ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿಗಳು ಇಂಥ ಕಪ್ಪೆಗಳನ್ನು ಅಗೆದು ತೆಗೆದು, ಮೆಲ್ಲಗೆ ಹಿಂಡಿ, ಆ ನೀರು ಕುಡಿಯುತ್ತಿದ್ದರು. ನಾನು "ಥೂ" ಎಂದು ಕೊಡವಿದ್ದನ್ನು.

ಆ ಆಸ್ಟ್ರೇಲಿಯಾದ ಕಪ್ಪೆ ಪೊರೆಯನ್ನೂ ಕಟ್ಟುತ್ತದೆ, ಆದರೆ ಲೋಳೆಯಿಂದಲ್ಲ. ಹಾವು ಪೊರೆ ಬಿಡುವಂತೆ ಚರ್ಮದ ಹೊರಪದರವನ್ನು ಕಳಚುತ್ತದೆ, ಆದರೆ ಬಿಸಾಡುವುದಿಲ್ಲ, ಮೈ ಮೇಲೇ ಬಿಡುತ್ತದೆ. ಮತ್ತೊಂದು ಪದರ, ಮತ್ತೊಂದು. ಒಂದರ ಮೇಲೊಂದು ಒಬ್ಬಟ್ಟಿನ ಕಾಗದ ಸುತ್ತಿದ ಹಾಗೆ. ಅಮೆರಿಕದ ಸೋನೋರಾ ಮರುಭೂಮಿಯ ಸ್ಪೇಡ್‌ಫುಟ್ ಎಂಬ ಕಪ್ಪೆ ಪೊರೆ ಕಟ್ಟುವುದಿಲ್ಲ. ಅದರ ಉಪಾಯ ನನಗೆ ಇನ್ನೂ ಇಷ್ಟ. ಸುತ್ತಲಿನ ಮಣ್ಣು ಒಣಗಿದಷ್ಟೂ ತನ್ನ ಮೈಯಲ್ಲಿ ಯೂರಿಯಾ ಏರಿಸಿಕೊಳ್ಳುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುತ್ತದಲ್ಲ, ನೀರು ತೆಳುವಿನಿಂದ ಗಟ್ಟಿಯ ಕಡೆಗೆ ಹರಿಯುತ್ತದೆ. ಕಪ್ಪೆಯ ಮೈ ಮಣ್ಣಿಗಿಂತ ಗಟ್ಟಿಯಾದರೆ ಮಣ್ಣಿನಲ್ಲಿ ಅಂಟಿಕೊಂಡಿರುವ ತೇವ ಕಪ್ಪೆಯ ಕಡೆಗೆ ಬರುತ್ತದೆ. ಲಂಗ್‌ಫಿಶ್‌ಗೆ ಕೂಡಿಟ್ಟ ಕಸವಾಗಿದ್ದ ಯೂರಿಯಾ ಈ ಕಪ್ಪೆಗೆ ನೀರೆತ್ತುವ ಪಂಪು. ಮಣ್ಣು ತೀರಾ ಒಣಗಿದರೆ ಪಂಪು ಸೋಲುತ್ತದೆ. ಅದಕ್ಕೇ ಅದು ಸ್ವಲ್ಪವಾದರೂ ತೇವ ಉಳಿಯುವ ಆಳಕ್ಕೆ ಹೋಗಿ ಕೂರುತ್ತದೆ.

ಏಳುವುದರಲ್ಲೂ ಕಪ್ಪೆ ಬೇರೆ. ಮೀನನ್ನು ನೀರು ಮುಟ್ಟಬೇಕು, ಸ್ಪೇಡ್‌ಫುಟ್‌ಗೆ ಸದ್ದು ಸಾಕು. 1980ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಣ ಮಣ್ಣಿನ ಮೇಲೆ ವಿದ್ಯುತ್ ಮೋಟಾರೊಂದನ್ನು ಗಡಗಡ ಅನ್ನಿಸಿದರು. ಒಂದು ಹನಿ ನೀರಿಲ್ಲದಿದ್ದರೂ ಕಪ್ಪೆಗಳು ಎದ್ದು ಮೇಲೆ ಬಂದವು. ಜೋರು ಮಳೆ ನೆಲಕ್ಕೆ ಬಡಿಯುವ ಅದುರು ಎಂದು ಅವು ತಿಳಿದವು. ಸುಳ್ಳು ಮಳೆಗೆ ಎದ್ದ ಕಪ್ಪೆ ಕೂಡಿಟ್ಟ ನೀರನ್ನೂ ಕೊಬ್ಬನ್ನೂ ಕಳೆದುಕೊಂಡು ಮತ್ತೆ ಅಗೆದುಕೊಂಡು ಇಳಿಯಬೇಕು. ನಮ್ಮ ಬೀದಿಯಲ್ಲಿ ಮೂರು ದಿನ ಬೋರ್‌ವೆಲ್ ಲಾರಿ ಕುಟ್ಟಿದಾಗ ನನಗೆ ಆ ಪ್ರಯೋಗ ನೆನಪಾಗುತ್ತಿತ್ತು.

ಬೆಂಗಳೂರಿಗೆ ತನ್ನದೇ ಹೆಸರಿನ ಬಿಲ ತೋಡುವ ಕಪ್ಪೆ ಇದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ರಾಜಾನುಕುಂಟೆ ಹತ್ತಿರದ ಬಯಲಿನಲ್ಲಿ ಸಿಕ್ಕ ಕಪ್ಪೆಯನ್ನು 2020ರಲ್ಲಿ ಹೊಸ ಜಾತಿ ಎಂದು ಗುರುತಿಸಿ, ಸ್ಫೇರೋಥೀಕಾ ಬೆಂಗಳೂರು ಎಂದು ಹೆಸರಿಟ್ಟರು. ಈ ಗುಂಪಿನ ಕಪ್ಪೆಗಳ ಹಿಂಗಾಲಿನ ಒಳಬದಿಯಲ್ಲಿ ಸಲಿಕೆಯಂಥ ಗಟ್ಟಿ ಗಂಟು ಇರುತ್ತದೆ. ನನಗೆ ಸಿಕ್ಕದ್ದು ಅದೇ ಜಾತಿ ಅಂತ ಹೇಳಲಾರೆ, ಆದರೆ ಆ ಸಲಿಕೆ ಮಾತ್ರ ಇತ್ತು. ಹೆಬ್ಬೆರಳಿಗೆ ಉಗುರು ಚುಚ್ಚಿದ ಹಾಗೆ ತಾಗಿತು.

ಅದನ್ನು ಹಾಗೇ ಬಿಸಿಲಿಗೆ ಬಿಡುವಂತಿರಲಿಲ್ಲ. ಯಾರೋ "ಬಕೆಟ್ ನೀರಿಗೆ ಹಾಕಿ" ಎಂದರು. ಮೇಸ್ತ್ರಿ ಬೇಡ ಎಂದರು. ಅವರು ಹೇಳಿದ್ದು ಸರಿ. ಬಿಲ ತೋಡುವ ಕಪ್ಪೆ ಒಳ್ಳೆಯ ಈಜುಗಾರನಲ್ಲ, ನುಣುಪು ಗೋಡೆಯ ಬಕೆಟ್ಟಿನಿಂದ ಹತ್ತಿ ಬರಲೂ ಅದಕ್ಕೆ ಆಗುವುದಿಲ್ಲ. ಕಾಂಪೌಂಡಿನ ಮೂಲೆಯಲ್ಲಿ, ತೆಂಗಿನ ಗಿಡದ ನೆರಳಿನಲ್ಲಿ ಸಡಿಲ ಮಣ್ಣು ಇತ್ತು. ಅಲ್ಲಿ ಎರಡು ಮೂರು ಬಿಂದಿಗೆ ನೀರು ಸುರಿದು, ಇಂಗಲು ಬಿಟ್ಟು, ಒದ್ದೆ ಮಣ್ಣಿನ ಮೇಲೆ ಕಪ್ಪೆಯನ್ನು ಇಟ್ಟೆವು. ಸ್ವಲ್ಪ ಹೊತ್ತು ಅದು ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಸುಮ್ಮನೆ ಕೂತಿತ್ತು. ನಾನು ಹೆದರಿದೆ. ಅದು ಸಾಯುತ್ತಿರಲಿಲ್ಲ, ನೀರು ಕುಡಿಯುತ್ತಿತ್ತು ಅಂತ ಈಗ ಗೊತ್ತು. ಟ್ಯಾಂಕ್ ಮತ್ತೆ ತುಂಬುತ್ತಿತ್ತು.

ಆಮೇಲೆ ಹಿಂಗಾಲು ಎರಡೂ ಸರದಿಯಲ್ಲಿ ಆಡತೊಡಗಿದವು. ಎಡ, ಬಲ, ಎಡ, ಬಲ. ಮುಖ ನಮ್ಮ ಕಡೆಗೇ ಇಟ್ಟುಕೊಂಡು, ತಿರುಗಣಿಯಂತೆ ಸ್ವಲ್ಪ ಸ್ವಲ್ಪ ತಿರುಗುತ್ತಾ, ಹಿಂದಕ್ಕೆ ಹಿಂದಕ್ಕೆ ಮಣ್ಣಿನೊಳಗೆ ಇಳಿಯಿತು. ಕೊನೆಗೆ ಎರಡು ಕಣ್ಣು ಮಾತ್ರ ಉಳಿದವು. ಅವೂ ಮುಚ್ಚಿದವು, ಮೇಲೆ ಒಂದಿಷ್ಟು ಮಣ್ಣು ಜಾರಿತು. ಮೇಸ್ತ್ರಿ ಆ ಜಾಗದ ಸುತ್ತ ನಾಲ್ಕು ಇಟ್ಟಿಗೆ ಇಟ್ಟು, "ಇಲ್ಲಿ ಯಾರೂ ಸಿಮೆಂಟ್ ಚೀಲ ಇಡಬ್ಯಾಡ್ರಿ" ಎಂದು ಹುಡುಗರಿಗೆ ಕೂಗಿ ಹೇಳಿ ಗುಂಡಿಗೆ ಇಳಿದರು.

ಭರಣಿ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆ. ಇಟ್ಟಿಗೆಗಳ ನಡುವೆ ಮಣ್ಣು ಬಿರಿದು, ಬೆರಳು ಹೋಗುವಷ್ಟು ತೂತು ಆಗಿತ್ತು.